ಗ್ಲೂಕೋಸ್ ದ್ರಾವಣದ ಪೋಲಾರಿಮೀಟರ್ ರೀಡಿಂಗ್ ಇಳಿಯುತ್ತಾ ಹೋಗುವುದೇಕೆ?

ಪ್ರಶ್ನೆ: ಸರ್, ನಾನು ಬಿ.ಎಸ್ಸಿ. ವಿದ್ಯಾರ್ಥಿನಿ. 10 ಗ್ರಾಂ ಗ್ಲೂಕೋಸ್ ತೂಗಿ, 100 ಮಿ.ಲೀ. ವಾಲ್ಯೂಮೆಟ್ರಿಕ್ ಫ್ಲಾಸ್ಕಿನಲ್ಲಿ ಕರಗಿಸಿ, ಗುರುತಿನವರೆಗೆ ನೀರು ತುಂಬಿದೆ. 20 ಸೆಂ.ಮೀ. ಟ್ಯೂಬಿನಲ್ಲಿ ಹಾಕಿ ನೋಡಿದೆ. ನೀರು ಹಾಕಿ 10 ನಿಮಿಷಕ್ಕೆ 18.1°, 40 ನಿಮಿಷಕ್ಕೆ 13.7°, 70 ನಿಮಿಷಕ್ಕೆ 11.5° ಬಂತು. ಮರುದಿನ ಅದೇ ದ್ರಾವಣಕ್ಕೆ 9.6°. ಲ್ಯಾಬಿನ ತಾಪಮಾನ 25° ಇತ್ತು. ಪುಸ್ತಕದಲ್ಲಿ ಸ್ಪೆಸಿಫಿಕ್ ರೊಟೇಷನ್ +52.7 ಅಂತಿದೆ, ನನಗೆ ಮರುದಿನವೂ 48 ಬಂತು. ಗೆಳತಿ ಅದೇ ದ್ರಾವಣವನ್ನು 10 ಸೆಂ.ಮೀ. ಟ್ಯೂಬಿನಲ್ಲಿ ನೋಡಿದಳು. ಅವಳಿಗೆ 4.8° ಬಂತು, ಲೆಕ್ಕ ಹಾಕಿದರೂ 4.8 ಅಂತಲೇ ಬಂತು. ಉಪಕರಣ ಕೆಟ್ಟಿದೆ, ರೀಡಿಂಗ್ ಬಿಡು ಅಂತಾರೆ. ನಿಜಾನಾ?

ಉತ್ತರ:

ಉಪಕರಣ ಕೆಟ್ಟಿಲ್ಲ. ನಿಮ್ಮ ನಾಲ್ಕೂ ರೀಡಿಂಗ್ ಸರಿಯಾಗಿಯೇ ಇವೆ, ಒಂದನ್ನೂ ಬಿಡಬೇಡಿ. ನಿಮ್ಮ ಪ್ರಶ್ನೆಯೊಳಗೆ ಮೂರು ಬೇರೆ ಬೇರೆ ವಿಷಯ ಸಿಕ್ಕಿಹಾಕಿಕೊಂಡಿವೆ. ಗೆಳತಿಯ 4.8 ಬರೀ ಲೆಕ್ಕದ ವಿಷಯ. ನಿಮ್ಮ 48 ತೂಕದ ವಿಷಯ. ರೀಡಿಂಗ್ ಇಳಿದದ್ದು ಮಾತ್ರ ಗ್ಲೂಕೋಸಿನ ಸ್ವಂತ ಗುಣ. ಸುಲಭದ್ದನ್ನು ಮೊದಲು ಮುಗಿಸೋಣ.

ಸೂತ್ರ ಇದು:

```
[α] = α / (l × c)
```

ಬಲಗಡೆಯ α ನೀವು ಓದಿದ ಕೋನ, ಡಿಗ್ರಿಯಲ್ಲಿ. c ಅಂದರೆ ಒಂದು ಮಿ.ಲೀ. ದ್ರಾವಣದಲ್ಲಿ ಎಷ್ಟು ಗ್ರಾಂ ಸಕ್ಕರೆ ಇದೆ ಎಂಬುದು. l ಟ್ಯೂಬಿನ ಉದ್ದ. ಆದರೆ ಅದನ್ನು ಸೆಂಟಿಮೀಟರಿನಲ್ಲಿ ಹಾಕುವ ಹಾಗಿಲ್ಲ, ಡೆಸಿಮೀಟರಿನಲ್ಲಿ ಹಾಕಬೇಕು. 10 ಸೆಂ.ಮೀ. ಎಂದರೆ 1 ಡೆಸಿಮೀಟರ್. ಗೆಳತಿ 10 ಅಂತ ಹಾಕಿದ್ದಾರೆ, ಹಾಗಾಗಿ ಉತ್ತರ ಹತ್ತು ಪಟ್ಟು ಚಿಕ್ಕದಾಯಿತು. 1 ಹಾಕಿದರೆ 4.8 / (1 × 0.1) = 48. ನಿಮ್ಮದು 9.6 / (2 × 0.1) = 48. ಇಬ್ಬರದೂ ಒಂದೇ. ಫ್ರಾನ್ಸಿನ ಬಿಯೋ 1815ರಲ್ಲಿ ಸಕ್ಕರೆಯಂಥ ವಸ್ತುಗಳ ದ್ರಾವಣಗಳು ಧ್ರುವೀಕೃತ ಬೆಳಕನ್ನು ತಿರುಗಿಸುವುದನ್ನು ತೋರಿಸಿದ. ಬೆಳಕಿನ ದಾರಿಯಲ್ಲಿ ಎಷ್ಟು ಅಣುಗಳು ಸಿಗುತ್ತವೋ ಅಷ್ಟು ತಿರುವು. ದಾರಿ ಅರ್ಧವಾದರೆ ಕೋನವೂ ಅರ್ಧ, ಸ್ಪೆಸಿಫಿಕ್ ರೊಟೇಷನ್ ಮಾತ್ರ ಹಾಗೇ ಉಳಿಯುತ್ತದೆ.

ಹಾಗಾದರೆ ಯಾವ ಟ್ಯೂಬ್ ಆದರೂ ನಡೆಯುತ್ತದಾ? ಲೆಕ್ಕಕ್ಕೆ ನಡೆಯುತ್ತದೆ, ನಿಖರತೆಗೆ ಹಾಗಲ್ಲ. ಕಾಲೇಜಿನ ಪೋಲಾರಿಮೀಟರಿನಲ್ಲಿ ವರ್ನಿಯರ್ ಓದುವಾಗ 0.05° ಆಚೆ ಈಚೆ ಆಗುವುದು ಮಾಮೂಲಿ. 4.8ರಲ್ಲಿ ಅದು ಸುಮಾರು ಶೇ. 1, ಅಂದರೆ ಉತ್ತರದಲ್ಲಿ ಅರ್ಧ ಡಿಗ್ರಿ. 9.6ರಲ್ಲಿ ಅದರ ಅರ್ಧ. ದ್ರಾವಣ ತಿಳಿಯಾಗಿದ್ದರೆ ಉದ್ದದ ಟ್ಯೂಬೇ ಒಳ್ಳೆಯದು. ಬಣ್ಣದ ದ್ರಾವಣವಾದರೆ ಉದ್ದದ ಟ್ಯೂಬಿನಲ್ಲಿ ಬೆಳಕು ಮಂಕಾಗಿ ಏನೂ ಕಾಣುವುದಿಲ್ಲ. ಆಗ ಗೆಳತಿಯ ಟ್ಯೂಬು ಬೇಕಾಗುತ್ತದೆ.

ಈಗ ಆ 48. ದ್ರಾವಣ ಒಂದು ರಾತ್ರಿ ಇಟ್ಟ ಮೇಲೂ 52.7 ಬರಲಿಲ್ಲ. ಕೊರತೆ ಎಷ್ಟು ನೋಡಿ: 48 / 52.7 = 0.91. ಈ ಅಂಕಿ ನೋಡಿದ ತಕ್ಷಣ ನನಗೆ ಅನ್ನಿಸಿದ್ದು, ನಿಮ್ಮ ಬಾಟಲಿಯಲ್ಲಿರುವುದು ಗ್ಲೂಕೋಸ್ ಮೊನೊಹೈಡ್ರೇಟ್ ಅಂತ. ಪ್ರತಿ ಗ್ಲೂಕೋಸ್ ಅಣುವಿನ ಜೊತೆ ಒಂದು ನೀರಿನ ಅಣು ಹರಳಿನಲ್ಲೇ ಕೂತಿರುತ್ತದೆ. ಗ್ಲೂಕೋಸಿನ ಅಣುತೂಕ 180.16, ಮೊನೊಹೈಡ್ರೇಟಿನದು 198.17. ಒಂದನ್ನು ಇನ್ನೊಂದರಿಂದ ಭಾಗಿಸಿದರೆ 0.909. ನೀವು ತೂಗಿದ 10 ಗ್ರಾಂನಲ್ಲಿ ನಿಜವಾದ ಗ್ಲೂಕೋಸ್ 9.09 ಗ್ರಾಂ ಮಾತ್ರ. ಉಳಿದದ್ದು ನೀರು, ಅದು ಬೆಳಕನ್ನು ತಿರುಗಿಸುವುದಿಲ್ಲ. c ಜಾಗದಲ್ಲಿ 0.0909 ಹಾಕಿ ನೋಡಿ. 9.6 / (2 × 0.0909) = 52.8. ಪುಸ್ತಕದ ಅಂಕಿ ಸಿಕ್ಕಿತಲ್ಲ!

ಬಾಟಲಿಯ ಲೇಬಲ್ ತಿರುಗಿಸಿ ನೋಡಿ. C6H12O6·H2O ಅಂತ ಇದ್ದರೆ, ಅಥವಾ ಅಣುತೂಕ 198.17 ಅಂತ ಇದ್ದರೆ ಅನುಮಾನ ಬೇಡ. ಲೇಬಲ್ ಅಳಿಸಿಹೋಗಿದ್ದರೆ ಸ್ವಲ್ಪ ಪುಡಿ ತೂಗಿ ಒಣಗಿಸಿ ಮತ್ತೆ ತೂಗಬೇಕು. ತೂಕ ಶೇ. 9ರಷ್ಟು ಇಳಿದರೆ ಅದು ಮೊನೊಹೈಡ್ರೇಟ್. ಆದರೆ ಸೀದಾ 105° ಓವನ್ನಿಗೆ ಇಡಬೇಡಿ. ಮೊನೊಹೈಡ್ರೇಟ್ 83° ಸುಮಾರಿಗೇ ತನ್ನ ನೀರಿನಲ್ಲಿ ತಾನೇ ಕರಗಿ ಗಟ್ಟಿ ಕಟ್ಟಿಕೊಳ್ಳುತ್ತದೆ, ಒಳಗಿನ ನೀರು ಹೊರಗೆ ಬರುವುದಿಲ್ಲ. ಮೊದಲು 60°ಯಲ್ಲಿ ಚೆನ್ನಾಗಿ ಒಣಗಿಸಿ, ಆಮೇಲೆ ಬಿಸಿ ಏರಿಸಬೇಕು.

ನೀವು ವಾಲ್ಯೂಮೆಟ್ರಿಕ್ ಫ್ಲಾಸ್ಕ್ ಅಂತ ಬರೆದದ್ದು ಒಳ್ಳೆಯದಾಯಿತು, ಇಲ್ಲದಿದ್ದರೆ ನನಗೆ ಇನ್ನೊಂದು ಅನುಮಾನ ಬರುತ್ತಿತ್ತು. ಕೆಲವರು ಬೀಕರಿನಲ್ಲಿ 100 ಮಿ.ಲೀ. ನೀರು ತೆಗೆದುಕೊಂಡು ಅದಕ್ಕೆ 10 ಗ್ರಾಂ ಹಾಕಿಬಿಡುತ್ತಾರೆ. ಆಗ ದ್ರಾವಣ 106 ಮಿ.ಲೀ. ಹತ್ತಿರ ಆಗುತ್ತದೆ, ಕೋನ ಶೇ. 6ರಷ್ಟು ಕಡಿಮೆ ಬರುತ್ತದೆ. ಆ ತಪ್ಪೂ ಮೇಲ್ನೋಟಕ್ಕೆ ಹೀಗೇ ಕಾಣುತ್ತದೆ. ಎಷ್ಟು ಕೊರತೆ ಬಿತ್ತು ಅನ್ನುವುದರಿಂದಲೇ ಎರಡನ್ನೂ ಬೇರೆ ಮಾಡಲು ಸಾಧ್ಯ.

ಇನ್ನು ಮುಖ್ಯ ವಿಷಯ, ರೀಡಿಂಗ್ ಯಾಕೆ ಇಳಿಯಿತು.

ಗ್ಲೂಕೋಸ್ ಅಣು ನೀರಿನಲ್ಲಿ ಉಂಗುರದ ಹಾಗೆ ಮುಚ್ಚಿಕೊಂಡಿರುತ್ತದೆ. ಐದು ಕಾರ್ಬನ್, ಒಂದು ಆಕ್ಸಿಜನ್ ಸೇರಿ ಆ ಉಂಗುರ. ಮೊದಲನೇ ಕಾರ್ಬನ್ನಿನ ಮೇಲಿರುವ OH ಎರಡು ದಿಕ್ಕಿನಲ್ಲಿ ಕೂರಬಹುದು. ಒಂದು ದಿಕ್ಕಿನಲ್ಲಿದ್ದರೆ ಆಲ್ಫಾ ಗ್ಲೂಕೋಸ್, ಇನ್ನೊಂದು ದಿಕ್ಕಿನಲ್ಲಿದ್ದರೆ ಬೀಟಾ. ಉಳಿದ ರಚನೆಯೆಲ್ಲ ಒಂದೇ. ಆದರೆ ಬೆಳಕಿಗೆ ಇವೆರಡೂ ಬೇರೆ ಬೇರೆ ವಸ್ತುಗಳು. ಆಲ್ಫಾ ಗ್ಲೂಕೋಸಿನ ಸ್ಪೆಸಿಫಿಕ್ ರೊಟೇಷನ್ +112.2, ಬೀಟಾದ್ದು +18.7. ನಿಮ್ಮ ಬಾಟಲಿಯ ಮೊನೊಹೈಡ್ರೇಟ್ ಹರಳು ಆಲ್ಫಾ ರೂಪದ್ದು.

ಹರಳು ಗಟ್ಟಿಯಾಗಿರುವವರೆಗೆ ಆಲ್ಫಾ ಆಲ್ಫಾವಾಗಿಯೇ ಇರುತ್ತದೆ. ನೀರಿಗೆ ಬಿದ್ದ ಕ್ಷಣದಿಂದ ಉಂಗುರ ಆಗಾಗ ಬಿಚ್ಚಿಕೊಳ್ಳುತ್ತದೆ. ಬಿಚ್ಚಿದಾಗ ಅದು ಉದ್ದ ಸರಪಳಿ, ತುದಿಯಲ್ಲಿ ಆಲ್ಡಿಹೈಡ್. ಮತ್ತೆ ಮುಚ್ಚಿಕೊಳ್ಳುವಾಗ OH ಹಿಂದಿನ ದಿಕ್ಕಿಗೂ ಹೋಗಬಹುದು, ಬೇರೆ ದಿಕ್ಕಿಗೂ ಹೋಗಬಹುದು. ಯಾವುದೇ ಹೊತ್ತಿನಲ್ಲಿ ಬಿಚ್ಚಿದ ಅಣುಗಳು ತೀರಾ ಕಡಿಮೆ, ಶೇ. 0.1ಕ್ಕಿಂತಲೂ ಎಷ್ಟೋ ಕೆಳಗೆ. ಆದರೆ ಆಲ್ಫಾ ಬೀಟಾ ಆಗಬೇಕಾದರೆ ದಾರಿ ಅದೊಂದೇ. ಹೀಗೆ ಆಲ್ಫಾ ಕಡಿಮೆಯಾಗುತ್ತಾ ಬೀಟಾ ಜಾಸ್ತಿಯಾಗುತ್ತದೆ, ಕೋನ ಇಳಿಯುತ್ತದೆ. ಬೀಟಾದಿಂದ ಆಲ್ಫಾಕ್ಕೆ ವಾಪಸ್ ಬರುವುದೂ ನಡೆದೇ ಇರುತ್ತದೆ. ಎರಡೂ ಕಡೆಯ ಓಡಾಟ ಸಮವಾದ ಮೇಲೆ ಕೋನ ನಿಲ್ಲುತ್ತದೆ. ಆ ನಿಂತ ಅಂಕಿಯೇ ಪುಸ್ತಕದ +52.7.

ಅದರಿಂದ ಒಂದು ಚಂದದ ಲೆಕ್ಕ ಹೊರಡುತ್ತದೆ. ನಿಂತ ಮೇಲೆ ಆಲ್ಫಾ ಎಷ್ಟು ಉಳಿದಿದೆ? ಎಲ್ಲವೂ ಆಲ್ಫಾ ಆಗಿದ್ದರೆ 112.2, ಎಲ್ಲವೂ ಬೀಟಾ ಆಗಿದ್ದರೆ 18.7. ನಡುವಿನ ಅಂತರ 93.5. ನಮ್ಮ 52.7, ಬೀಟಾದ ಅಂಕಿಗಿಂತ 34 ಮೇಲಿದೆ. 34 / 93.5 = 0.36. ಅಂದರೆ ನೂರಕ್ಕೆ 36 ಆಲ್ಫಾ, 64 ಬೀಟಾ. ಒಂದು ಪೋಲಾರಿಮೀಟರ್, ಒಂದು ಟ್ಯೂಬು, ಒಂದು ದೀಪ ಇಟ್ಟುಕೊಂಡು ಫ್ಲಾಸ್ಕಿನೊಳಗಿನ ಅಣುಗಳು ಹೇಗೆ ಹಂಚಿಹೋಗಿವೆ ಅಂತ ಹೇಳಿಬಿಡಬಹುದು. ಈ ಪ್ರಯೋಗ ನನಗೆ ಇಷ್ಟವಾಗುವುದು ಇದಕ್ಕೇ.

ಇದನ್ನು ಮೊದಲು ಗಮನಿಸಿದ್ದು ಫ್ರಾನ್ಸಿನ ಡುಬ್ರುನ್‌ಫೊ, 1846ರಲ್ಲಿ. ಆಗಷ್ಟೇ ಕರಗಿಸಿದ ಗ್ಲೂಕೋಸ್, ಹಳೆಯ ದ್ರಾವಣಕ್ಕಿಂತ ಸುಮಾರು ಎರಡು ಪಟ್ಟು ತಿರುಗಿಸುತ್ತದೆ ಅಂತ ಅವನು ಕಂಡುಕೊಂಡ. 112.2 ಮತ್ತು 52.7 ಪಕ್ಕಪಕ್ಕ ಇಟ್ಟು ನೋಡಿದರೆ ಅವನು ಕಂಡದ್ದು ಸರಿ ಅಂತ ಗೊತ್ತಾಗುತ್ತದೆ. ಮ್ಯೂಟಾರೊಟೇಷನ್ ಎಂಬ ಹೆಸರು ಬಂದದ್ದು ಆಮೇಲೆ, 1899ರಲ್ಲಿ, ಇಂಗ್ಲೆಂಡಿನ ಲೌರಿಯಿಂದ.

ಈಗ ನಿಮ್ಮ ರೀಡಿಂಗ್‌ಗಳಿಗೇ ಬರೋಣ. ಪ್ರತಿಯೊಂದರಿಂದಲೂ ಕೊನೆಯ 9.6 ಕಳೆಯಿರಿ. 10 ನಿಮಿಷಕ್ಕೆ ಉಳಿಯುವುದು 8.5, 40 ನಿಮಿಷಕ್ಕೆ 4.1, 70 ನಿಮಿಷಕ್ಕೆ 1.9. ಅರ್ಧ ಗಂಟೆಗೊಮ್ಮೆ, ಉಳಿದಿದ್ದು ಅರ್ಧಕ್ಕಿಂತ ತುಸು ಕೆಳಗೆ ಬಂದಿದೆ, ಎರಡು ಸಲವೂ ಹೆಚ್ಚುಕಡಿಮೆ ಅದೇ ಅನುಪಾತದಲ್ಲಿ. ಕೆಟ್ಟ ಉಪಕರಣ ಇಷ್ಟು ಶಿಸ್ತಾಗಿ ಇಳಿಯುವುದಿಲ್ಲ. ಮೊದಲನೇ ದರ್ಜೆಯ ಕ್ರಿಯೆಯ ಗುರುತೇ ಇದು. ವೇಗ ಸ್ಥಿರಾಂಕ ಬೇಕಿದ್ದರೆ 8.5 / 4.1ರ ನ್ಯಾಚುರಲ್ ಲಾಗ್ ತೆಗೆದು 30ರಿಂದ ಭಾಗಿಸಿ. ನಿಮಿಷಕ್ಕೆ 0.024 ಬರುತ್ತದೆ, ಅರ್ಧಾಯು 28 ನಿಮಿಷದ ಆಸುಪಾಸು. 25°ಯಲ್ಲಿ ಶುದ್ಧ ನೀರಿನಲ್ಲಿರುವ ಗ್ಲೂಕೋಸಿಗೆ ಬರಬೇಕಾದ್ದೂ ಇದೇ.

ಇನ್ನೂ ಒಂದು ಹೆಜ್ಜೆ ಹಿಂದೆ ಹೋಗಬಹುದು. ನೀರು ಹಾಕಿದ ಕ್ಷಣದಲ್ಲಿ ಕೋನ ಎಷ್ಟಿತ್ತು ಅಂತ ಯಾರೂ ಕಣ್ಣಾರೆ ನೋಡಲಾಗದು, ಕರಗಿಸಿ ಟ್ಯೂಬಿಗೆ ತುಂಬಲು ಹೊತ್ತು ಬೇಕಲ್ಲ. ಆದರೆ ಲೆಕ್ಕದಲ್ಲಿ ಅಲ್ಲಿಗೆ ತಲುಪಬಹುದು. ಆ 8.5, 4.1, 1.9ರ ಲಾಗ್ ತೆಗೆದು ಸಮಯದ ಎದುರು ಗ್ರಾಫ್ ಹಾಕಿ. ನೇರ ಗೆರೆ ಬರುತ್ತದೆ. ಆ ಗೆರೆಯನ್ನು ಸೊನ್ನೆ ನಿಮಿಷದವರೆಗೆ ಹಿಂದಕ್ಕೆ ಎಳೆದು, ಮುಟ್ಟಿದ ಲಾಗ್ ಅನ್ನು ಮತ್ತೆ ಕೋನಕ್ಕೆ ತಿರುಗಿಸಿದರೆ 10.8ರ ಹತ್ತಿರ ಬರುತ್ತದೆ. ಅದಕ್ಕೆ 9.6 ಸೇರಿಸಿ, 20.4°. ಅದನ್ನು 2 × 0.0909ರಿಂದ ಭಾಗಿಸಿದರೆ ಸುಮಾರು 112. ಬಿಡು ಅಂದ ರೀಡಿಂಗ್‌ಗಳಿಂದಲೇ ಶುದ್ಧ ಆಲ್ಫಾ ಗ್ಲೂಕೋಸಿನ ಸ್ಪೆಸಿಫಿಕ್ ರೊಟೇಷನ್ ಸಿಕ್ಕಿತು. ಒಂದೇ ಷರತ್ತು, ಗಡಿಯಾರ ಶುರುವಾಗಬೇಕಾದದ್ದು ನೀರು ಪುಡಿಗೆ ತಾಗಿದಾಗ, ಮೊದಲ ರೀಡಿಂಗ್ ತೆಗೆದಾಗ ಅಲ್ಲ. ನೀವು ಹಾಗೇ ಬರೆದಿಟ್ಟಿದ್ದೀರಿ, ಅದರಿಂದಲೇ ಇಷ್ಟೆಲ್ಲ ಸಾಧ್ಯವಾಯಿತು.

ಇಲ್ಲಿ ಒಂದು ಸೂಕ್ಷ್ಮ ಗಮನಿಸಿ. ವೇಗ ಲೆಕ್ಕ ಹಾಕುವಾಗ ನಾನು ಸಾಂದ್ರತೆಯನ್ನೂ ಬಳಸಲಿಲ್ಲ, ಟ್ಯೂಬಿನ ಉದ್ದವನ್ನೂ ಬಳಸಲಿಲ್ಲ. ಕೋನಗಳ ವ್ಯತ್ಯಾಸದ ಅನುಪಾತ ತೆಗೆದಾಗ ಅವು ತಾವಾಗಿಯೇ ಹೊರಟುಹೋಗುತ್ತವೆ. ಉಪಕರಣದ ಸೊನ್ನೆ 0.3° ಆಚೆ ಇದ್ದರೂ, ಎಲ್ಲ ರೀಡಿಂಗ್‌ನಲ್ಲೂ ಅಷ್ಟೇ ಇರುವುದರಿಂದ ಕಳೆದಾಗ ಹೋಗಿಬಿಡುತ್ತದೆ. ಮೊನೊಹೈಡ್ರೇಟ್ ಗೊಂದಲ ಇದ್ದಾಗಲೂ ನಿಮ್ಮ ವೇಗ ಸರಿಯಾಗಿಯೇ ಬಂದದ್ದು ಇದಕ್ಕೆ. ಸ್ಪೆಸಿಫಿಕ್ ರೊಟೇಷನ್ನಿಗೆ ಈ ರಿಯಾಯಿತಿ ಇಲ್ಲ. ಅಲ್ಲಿ ತೂಕ, ಉದ್ದ, ಸೊನ್ನೆ ಮೂರೂ ನೇರವಾಗಿ ಉತ್ತರದೊಳಗೆ ಬರುತ್ತವೆ. ಅದಕ್ಕೇ ದ್ರಾವಣಕ್ಕೆ ಮೊದಲು ಅದೇ ಟ್ಯೂಬಿನಲ್ಲಿ ಬಟ್ಟಿ ಇಳಿಸಿದ ನೀರು ತುಂಬಿ ಸೊನ್ನೆ ನೋಡಬೇಕು, ಬಂದ ಅಂಕಿಯನ್ನು ಚಿಹ್ನೆ ಸಮೇತ ಕಳೆಯಬೇಕು.

ಎಲ್ಲರಿಗೂ ಮರುದಿನದವರೆಗೆ ಕಾಯಲು ಆಗುವುದಿಲ್ಲ. ಬರೀ 52.7 ಸಾಕು ಅನ್ನುವವರಿಗೆ ಅಮೋನಿಯ ಇದೆ. ಔಷಧಿಯ ಗ್ಲೂಕೋಸ್ ಪರೀಕ್ಷಿಸುವವರು ಮಾಡುವುದು ಹೀಗೆ: 10 ಗ್ರಾಂ ತೂಗಿ, 80 ಮಿ.ಲೀ. ನೀರಿನಲ್ಲಿ ಕರಗಿಸಿ, 0.2 ಮಿ.ಲೀ. ದುರ್ಬಲ ಅಮೋನಿಯ ಹಾಕಿ, ಅರ್ಧ ಗಂಟೆ ಬಿಟ್ಟು, ಆಮೇಲೆ 100ಕ್ಕೆ ತುಂಬುತ್ತಾರೆ. ಕ್ಷಾರವು OHನಿಂದ ಪ್ರೋಟಾನ್ ಎಳೆದುಕೊಂಡು ಉಂಗುರ ಬಿಚ್ಚಲು ನೆರವಾಗುತ್ತದೆ. ಗಂಟೆಗಟ್ಟಲೆ ಹಿಡಿಯುವುದು ನಿಮಿಷಗಳಲ್ಲಿ ಮುಗಿಯುತ್ತದೆ. ಸಮತೋಲ ಎಲ್ಲಿ ನಿಲ್ಲುತ್ತದೆ ಅನ್ನುವುದು ಇದರಿಂದ ಬದಲಾಗುವುದಿಲ್ಲ, ಅಲ್ಲಿಗೆ ಬೇಗ ತಲುಪುತ್ತದೆ ಅಷ್ಟೇ. ಆಮ್ಲವೂ ಈ ಕೆಲಸ ಮಾಡುತ್ತದೆ, ಆದರೆ ಕ್ಷಾರದಷ್ಟು ಚುರುಕಲ್ಲ.

ಆದರೆ ಕೈ ಬಿಗಿ ಇರಲಿ. ಇನ್ನೂ ಬೇಗ ಆಗಲಿ ಅಂತ ಸೋಡಿಯಂ ಹೈಡ್ರಾಕ್ಸೈಡ್ ಸುರಿದರೆ ಗ್ಲೂಕೋಸೇ ಬೇರೆ ಸಕ್ಕರೆಯಾಗಲು ಶುರುವಾಗುತ್ತದೆ, ಸ್ವಲ್ಪ ಫ್ರಕ್ಟೋಸ್, ಸ್ವಲ್ಪ ಮ್ಯಾನೋಸ್. ಫ್ರಕ್ಟೋಸ್ ಎಡಕ್ಕೆ ತಿರುಗಿಸುತ್ತದೆ, ಅದರ ಅಂಕಿ −92ರ ಸುತ್ತ. ಹಾಗಾಗಿ ರೀಡಿಂಗ್ 9.6ರಲ್ಲಿ ನಿಲ್ಲದೆ ನಿಧಾನವಾಗಿ ಇನ್ನೂ ಕೆಳಕ್ಕೆ ಜಾರುತ್ತದೆ, ದ್ರಾವಣ ಹಳದಿಯಾಗುತ್ತದೆ. ಮ್ಯೂಟಾರೊಟೇಷನ್ ಆದರೆ ಇಳಿದು ಒಂದು ಕಡೆ ನಿಲ್ಲಬೇಕು, ಬಣ್ಣ ಬರಬಾರದು. ನಿಲ್ಲದೆ ಜಾರುತ್ತಿದ್ದರೆ ಬೇರೇನೋ ನಡೆಯುತ್ತಿದೆ ಅಂತ ತಿಳಿಯಿರಿ.

ತಾಪಮಾನದ ಬಗ್ಗೆ ಇಷ್ಟು ಸಾಕು. ಗ್ಲೂಕೋಸಿನ ಕೊನೆಯ ಅಂಕಿಯ ಮೇಲೆ ಅದರ ಪ್ರಭಾವ ತೀರಾ ಕಡಿಮೆ. ವೇಗದ ಮೇಲೆ ಮಾತ್ರ ಬಹಳ. 20°ಯಲ್ಲಿ ಅರ್ಧಾಯು ಮುಕ್ಕಾಲು ಗಂಟೆ, 25°ಯಲ್ಲಿ ಅರ್ಧ ಗಂಟೆಗೂ ಕಡಿಮೆ. ಬೇಸಿಗೆಯಲ್ಲಿ ಲ್ಯಾಬು ಬಿಸಿಯಿದ್ದರೆ ಇನ್ನೂ ಬೇಗ. ಬೇಗ ಕರಗಲಿ ಅಂತ ಬಿಸಿ ನೀರು ಹಾಕಿದರೆ ಮೊದಲ ರೀಡಿಂಗ್ ಹೊತ್ತಿಗೆ ಅರ್ಧ ಕಥೆ ಮುಗಿದಿರುತ್ತದೆ.

ನಿಮ್ಮ ಮುಂದಿನ ರೀಡಿಂಗ್‌ಗಳಿಗೆ ಕೆಲವು ಮಾತು. ಸೋಡಿಯಂ ದೀಪ ಹಚ್ಚಿದಾಗ ಮೊದಲು ಗುಲಾಬಿ ಕೆಂಪಿನಲ್ಲಿ ಉರಿಯುತ್ತದೆ. ಪೂರ್ತಿ ಹಳದಿಯಾಗುವವರೆಗೆ ಕಾಯಿರಿ, ಹತ್ತು ನಿಮಿಷ ಬೇಕು. ಪುಸ್ತಕದ ಅಂಕಿಗಳೆಲ್ಲ ಆ ಹಳದಿ ಬೆಳಕಿಗೆ, ಅಂದರೆ 589 ನ್ಯಾನೊಮೀಟರಿಗೆ, ಸಂಬಂಧಿಸಿದ್ದು. ಕಣ್ಣಿಟ್ಟು ನೋಡಿದರೆ ವೃತ್ತ ಎರಡು ಭಾಗವಾಗಿ ಕಾಣುತ್ತದೆ, ಒಂದು ಅರ್ಧ ಬೆಳಕು, ಒಂದು ಅರ್ಧ ಕತ್ತಲು. ಗುಂಡಿ ತಿರುಗಿಸಿದಂತೆ ಎರಡೂ ಸಮ ಆಗುತ್ತವೆ. ಎಚ್ಚರ ಬೇಕಾದದ್ದು ಇಲ್ಲೇ. ಸಮ ಆಗುವ ಜಾಗ ಎರಡಿವೆ. ಒಂದರಲ್ಲಿ ಇಡೀ ವೃತ್ತ ಝಗ್ ಅಂತ ಬೆಳಗುತ್ತದೆ, ಅಲ್ಲಿ ಗುಂಡಿಯನ್ನು ಸುಮಾರಾಗಿ ತಿರುಗಿಸಿದರೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಇನ್ನೊಂದರಲ್ಲಿ ಇಡೀ ವೃತ್ತ ಮಬ್ಬು ಮಬ್ಬಾಗಿರುತ್ತದೆ, ಅಲ್ಲಿ ಕೂದಲೆಳೆಯಷ್ಟು ತಿರುಗಿಸಿದರೂ ಒಂದು ಪಕ್ಕ ತಟ್ಟನೆ ಕಪ್ಪಾಗುತ್ತದೆ. ಓದಬೇಕಾದದ್ದು ಆ ಮಬ್ಬಿನ ಜಾಗದಲ್ಲಿ.

ಟ್ಯೂಬಿನಲ್ಲಿ ಗಾಳಿಗುಳ್ಳೆ ಇದ್ದರೆ ಅದನ್ನು ಉಬ್ಬಿನ ಭಾಗಕ್ಕೆ ಸರಿಸಿ, ಬೆಳಕಿನ ದಾರಿಯಲ್ಲಿ ಇರಬಾರದು. ತುದಿಯ ಮುಚ್ಚಳವನ್ನು ಸೋರದಷ್ಟು ತಿರುಗಿಸಿದರೆ ಸಾಕು. ಜೋರಾಗಿ ಬಿಗಿದರೆ ಗಾಜಿನ ಬಿಲ್ಲೆಯ ಮೇಲೆ ಒತ್ತಡ ಬಿದ್ದು, ಆ ಗಾಜೇ ಧ್ರುವೀಕೃತ ಬೆಳಕನ್ನು ಕೆಡಿಸುತ್ತದೆ. ಮುಚ್ಚಳ ಸಡಿಲಿಸಿದಾಗ ರೀಡಿಂಗ್ ಬದಲಾದರೆ ಕಾರಣ ಅದೇ.

ರೀಡಿಂಗ್ ಇಳಿದದ್ದು ಉಪಕರಣದಿಂದಲ್ಲ ಅಂತ ನಿಮ್ಮ ಲ್ಯಾಬಿನಲ್ಲಿ ತೋರಿಸಬೇಕಿದ್ದರೆ ಮನೆಯ ಸಕ್ಕರೆ ಸಾಕು. 10 ಗ್ರಾಂ ಬಿಳಿ ಸಕ್ಕರೆಯನ್ನು ಹೀಗೇ 100 ಮಿ.ಲೀ. ಮಾಡಿ ಅದೇ ಟ್ಯೂಬಿನಲ್ಲಿ ನೋಡಿ. ಸುಕ್ರೋಸಿನ ಅಂಕಿ +66.5, ಹಾಗಾಗಿ 13.3° ಬರಬೇಕು. ಮೊದಲ ನಿಮಿಷದಲ್ಲೂ 13.3, ಗಂಟೆಯ ಮೇಲೂ 13.3. ಸುಕ್ರೋಸಿನಲ್ಲಿ ಗ್ಲೂಕೋಸಿನ ಮೊದಲನೇ ಕಾರ್ಬನ್ನೂ ಫ್ರಕ್ಟೋಸಿನ ಎರಡನೇ ಕಾರ್ಬನ್ನೂ ಒಂದಕ್ಕೊಂದು ಕಟ್ಟಿಕೊಂಡಿವೆ. ಉಂಗುರ ಬಿಚ್ಚಲು ಬೇಕಾದ OH ಎರಡು ಕಡೆಯೂ ಖಾಲಿ ಇಲ್ಲ. ಮಂಡ್ಯ, ಬೆಳಗಾವಿ ಕಡೆಯ ಸಕ್ಕರೆ ಕಾರ್ಖಾನೆಗಳ ಲ್ಯಾಬಿನಲ್ಲಿ ದಿನವಿಡೀ ಪೋಲ್, ಅಂದರೆ ಪೋಲಾರಿಮೀಟರ್ ತೋರಿಸುವ ಸುಕ್ರೋಸಿನ ಅಳತೆ, ನೋಡುವುದು ಈ ಸ್ಥಿರತೆಯನ್ನು ನಂಬಿಯೇ. ಅವರ ಅಳತೆಯಲ್ಲಿ 26 ಗ್ರಾಂ ಶುದ್ಧ ಸುಕ್ರೋಸ್, 100 ಮಿ.ಲೀ., 20 ಸೆಂ.ಮೀ. ಟ್ಯೂಬ್ ಅಂದರೆ 100 ಪೋಲ್, ಸೋಡಿಯಂ ಬೆಳಕಿನಲ್ಲಿ ಸುಮಾರು 34.6°. ಕಬ್ಬಿನ ಹಾಲಿನಲ್ಲಿ ಗ್ಲೂಕೋಸ್, ಫ್ರಕ್ಟೋಸ್ ಕೂಡ ಇರುವುದರಿಂದ ಅಲ್ಲಿ ಪೋಲ್ ಅಂದರೆ ಅಷ್ಟೂ ಸುಕ್ರೋಸ್ ಅಂತಲ್ಲ. ಕಡಿದು ಬಹಳ ದಿನ ಬಿಟ್ಟ ಕಬ್ಬಿನಲ್ಲಿ ಸುಕ್ರೋಸ್ ಒಡೆದು ಪೋಲ್ ಸಾಮಾನ್ಯವಾಗಿ ಬೀಳುತ್ತದೆ, ಒಡೆದ ಎರಡು ಸಕ್ಕರೆಯ ಮಿಶ್ರಣ ಎಡಕ್ಕೆ ತಿರುಗಿಸುತ್ತದೆ.

ಇನ್ನೊಮ್ಮೆ ಮಾಡುವುದಾದರೆ ಅದೇ ಬಾಟಲಿಯಿಂದ 11.0 ಗ್ರಾಂ ತೂಗಿ, ಆಗ ಅದರಲ್ಲಿ ಸರಿಯಾಗಿ 10 ಗ್ರಾಂ ಗ್ಲೂಕೋಸ್ ಇರುತ್ತದೆ. 20 ಸೆಂ.ಮೀ. ಟ್ಯೂಬಿನಲ್ಲಿ ಕೊನೆಯ ರೀಡಿಂಗ್ 10.5° ಬರಬೇಕು. ಮೆಡಿಕಲ್ ಶಾಪಿನ ಡಬ್ಬಿಯ ಗ್ಲೂಕೋಸ್ ಪುಡಿ ಮಾತ್ರ ಬೇಡ, ಅದರಲ್ಲಿ ಖನಿಜ, ವಿಟಮಿನ್, ಕೆಲವೊಮ್ಮೆ ಸಕ್ಕರೆಯೂ ಬೆರೆತಿರುತ್ತದೆ. ರೆಕಾರ್ಡ್ ಪುಸ್ತಕದಲ್ಲಿ ಬರೀ "ಗ್ಲೂಕೋಸ್, 48" ಅಂತ ಬರೆಯಬೇಡಿ. ಮೊನೊಹೈಡ್ರೇಟ್, ನೀರು ಬಿಟ್ಟ ಲೆಕ್ಕದಲ್ಲಿ c = 0.0909, l = 2 ಡೆಸಿಮೀಟರ್, 25°, ಸೋಡಿಯಂ ಬೆಳಕು, ಕರಗಿಸಿ ಒಂದು ದಿನದ ಮೇಲೆ, +52.8 ಅಂತ ಬರೆಯಿರಿ. ಕೆಳಗೆ 10, 40, 70 ನಿಮಿಷದ ಮೂರು ರೀಡಿಂಗ್‌ಗಳನ್ನೂ ಆ ನೇರ ಗೆರೆಯ ಗ್ರಾಫನ್ನೂ ಹಾಕಿ.